ನೂರಮೂವತ್ತಮೂರು ಪಾಲಾದ ಜಾಕ್‌ಪಾಟ್

ಬ್ರಿಟನ್ನಿನ ನ್ಯಾಷನಲ್ ಲಾಟರಿ ಶುರುವಾಗಿ ನಾಲ್ಕನೇ ವಾರ. 1994ರ ಡಿಸೆಂಬರ್ 10ರ ಶನಿವಾರ ರಾತ್ರಿ ಯಂತ್ರದಿಂದ ಹೊರಬಿದ್ದ ಆರು ಚೆಂಡುಗಳ ಮೇಲೆ 26, 35, 38, 43, 47, 49 ಎಂದಿತ್ತು. ಇಡೀ ದೇಶದಲ್ಲಿ ಆ ಆರನ್ನೂ ಗುರುತು ಹಾಕಿದ್ದವರು ಒಬ್ಬರೇ ಒಬ್ಬರು. ಅವರಿಗೆ ಸಿಕ್ಕಿದ್ದು 1,78,80,003 ಪೌಂಡ್.

ಐದು ವಾರ ಕಳೆದು, 1995ರ ಜನವರಿ 14ರಂದು ಬಂದ ನಂಬರುಗಳು 7, 17, 23, 32, 38, 42. ಜಾಕ್‌ಪಾಟಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ, 1 ಕೋಟಿ 63 ಲಕ್ಷ ಪೌಂಡಿನ ಹತ್ತಿರ. ಗೆದ್ದವರು ಮಾತ್ರ 133 ಜನ. ತಲೆಗೆ ಬಂದದ್ದು 1,22,510 ಪೌಂಡ್. ಟಿ.ವಿ. ಮುಂದೆ ಕೂತು ತಮ್ಮ ಆರೂ ನಂಬರು ಬಂದಿದ್ದನ್ನು ಕಂಡು, ಕೋಟಿ ಪೌಂಡಿನ ಒಡೆಯರಾದೆವು ಎಂದುಕೊಂಡಿದ್ದ ಕುಟುಂಬಗಳಿಗೆ ಕೊನೆಗೆ ಸಿಕ್ಕಿದ್ದು ಒಂದು ಒಳ್ಳೆಯ ಮನೆಯ ಬೆಲೆ. ಸಣ್ಣ ಮೊತ್ತವೇನಲ್ಲ ನಿಜ. ಆದರೆ ಡಿಸೆಂಬರಿನಲ್ಲಿ ಗೆದ್ದವರ ಕೈಗೆ ಇವರದಕ್ಕಿಂತ 145 ಪಟ್ಟು ಹೆಚ್ಚು ಹಣ ಬಂದಿತ್ತು. ಗೆಲ್ಲುವ ಸಾಧ್ಯತೆ ಎರಡೂ ವಾರ ಒಂದೇ ಆಗಿತ್ತು. ಬೇರೆ ಎಷ್ಟು ಜನ ಅದೇ ನಂಬರುಗಳನ್ನು ಹಿಡಿದಿದ್ದರು ಎಂಬುದರಲ್ಲಷ್ಟೇ ಅಂತರವಿತ್ತು.

ಮೊದಲು ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಗುವವರೆಗೆ ಬಸ್ ನಿಲ್ದಾಣಗಳಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಟಿಕೆಟ್‌ಗಳಲ್ಲಿ ನಂಬರು ಮೊದಲೇ ಅಚ್ಚಾಗಿರುತ್ತಿತ್ತು. ಕೇರಳದ ಲಾಟರಿ ಇವತ್ತಿಗೂ ಹಾಗೆಯೇ ನಡೆಯುತ್ತದೆ. ಒಂದು ಸರಣಿಯ ಒಂದು ನಂಬರಿಗೆ ಒಂದೇ ಟಿಕೆಟ್. ಮೊದಲ ಬಹುಮಾನ ಬಂದರೆ ಅದು ಆ ಟಿಕೆಟ್ ಇದ್ದವರದ್ದು, ಪಾಲು ಕೇಳಲು ಮತ್ತೊಬ್ಬರಿರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಬೇರೆ ಬಗೆ. ಅದರಲ್ಲಿ ಆಡುವವರೇ ಒಂದು ಸ್ಲಿಪ್ಪಿನ ಮೇಲೆ ತಮಗೆ ಬೇಕಾದ ನಂಬರುಗಳಿಗೆ ಗುರುತು ಹಾಕುತ್ತಾರೆ. ಒಂದೇ ಆಯ್ಕೆಯನ್ನು ಸಾವಿರ ಜನ ಮಾಡಿದರೂ ತಡೆಯಿಲ್ಲ. ಜಾಕ್‌ಪಾಟ್ ಎಂದು ತೆಗೆದಿಟ್ಟ ಒಂದು ಗಂಟು ಹಣವನ್ನು, ಆರೂ ಹೊಂದಿದವರು ಎಷ್ಟು ಜನವೋ ಅಷ್ಟು ಪಾಲು ಮಾಡಿ ಕೊಡುತ್ತಾರೆ. ನಿಷೇಧಕ್ಕೆ ಮುಂಚೆ ಪ್ಲೇವಿನ್ ಅಂಗಡಿಗಳಲ್ಲಿ 'ಸೂಪರ್ ಲೋಟೊ' ಆಡಿದ್ದವರಿಗೆ ಈ ಪದ್ಧತಿ ನೆನಪಿರಬಹುದು. ಲಂಡನ್, ಸಿಡ್ನಿ, ಟೊರಾಂಟೊಗಳಲ್ಲಿರುವ ಕನ್ನಡಿಗರಿಗಂತೂ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಈ ಸ್ಲಿಪ್ಪುಗಳು ಕಾಣುತ್ತವೆ. (ಭಾರತದಲ್ಲಿ ಕೂತು ವಿದೇಶಿ ಲಾಟರಿ ಟಿಕೆಟಿಗೆ ಹಣ ಕಳಿಸುವುದನ್ನು ನಮ್ಮ ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿವೆ. ಅದನ್ನು ಮರೆಯಬಾರದು.)

ಬ್ರಿಟನ್ನಿನ ಲಾಟರಿಯಲ್ಲಿ ಆಗ 1ರಿಂದ 49ರವರೆಗೆ ಆರು ನಂಬರು ಆರಿಸಬೇಕಿತ್ತು. ಹೀಗೆ ಆರಿಸಬಹುದಾದ ಬೇರೆ ಬೇರೆ ಗುಂಪುಗಳು ಒಟ್ಟು 1,39,83,816. ಪ್ರತಿಯೊಂದು ಗುಂಪೂ ಬರುವ ಸಾಧ್ಯತೆ ತಂತಾನೇ ಸಮ. 1, 2, 3, 4, 5, 6 ಬರುವ ಸಾಧ್ಯತೆಯೂ, ಅಡ್ಡಾದಿಡ್ಡಿಯಾಗಿ ಕಾಣುವ ಬೇರೆ ಯಾವ ಗುಂಪು ಬರುವ ಸಾಧ್ಯತೆಯೂ ಒಂದೇ. ಚೆಂಡಿಗೆ ತನ್ನ ಮೇಲೆ ಬರೆದ ಅಂಕಿ ಗೊತ್ತಿರುವುದಿಲ್ಲ. ಆದ್ದರಿಂದ ಯಾವ ನಂಬರು ಬರುತ್ತದೆ ಎಂದು ಊಹಿಸಿ ಲಾಭ ಮಾಡಿಕೊಳ್ಳಲು ಈ ಆಟದಲ್ಲಿ ದಾರಿಯಿಲ್ಲ. ಯಾವ ನಂಬರನ್ನು ಜನ ಹಿಡಿಯುತ್ತಾರೆ ಎಂದು ಊಹಿಸಲು ಮಾತ್ರ ದಾರಿಯಿದೆ. ಚೆಂಡುಗಳಿಗೆ ಇಷ್ಟಾನಿಷ್ಟವಿಲ್ಲ, ಮನುಷ್ಯರಿಗೆ ಬೇಕಾದಷ್ಟಿದೆ.

ನಂಬರುಗಳ ಮೇಲಿನ ಈ ಮೋಹ ನಮಗೇನೂ ಹೊಸದಲ್ಲ. ಹೊಸ ಕಾರಿಗೆ ಆರ್‌ಟಿಒ ಕಚೇರಿಯಲ್ಲಿ ಫ್ಯಾನ್ಸಿ ನಂಬರು ಹರಾಜಾಗುವಾಗ 1, 9, 9999ರಂಥವಕ್ಕೆ ಜನ ಲಕ್ಷಗಟ್ಟಲೆ ಸುರಿಯುತ್ತಾರೆ. ಅಂಕಿಗಳನ್ನು ಕೂಡಿದರೆ 8 ಬಂತೆಂದು, ಅದು ಶನಿಯ ಸಂಖ್ಯೆಯೆಂದು ಬೇಡವೆನ್ನುವವರಿದ್ದಾರೆ. ಬ್ರಿಟನ್ನಿನವರ ಮೆಚ್ಚಿನ ಸಂಖ್ಯೆ 7. ಮೇಲಿನ ಜನವರಿಯ ಪಟ್ಟಿಯಲ್ಲಿ 7 ಮತ್ತು 17 ಎರಡೂ ಇದ್ದದ್ದನ್ನು ಗಮನಿಸಿ. ಅಲ್ಲಿ ಪ್ರತಿ ವಾರ 1, 2, 3, 4, 5, 6 ಎಂದೇ ಗುರುತು ಹಾಕುವವರು ಸುಮಾರು ಹತ್ತು ಸಾವಿರ ಜನ ಎಂದು ಲಾಟರಿ ನಡೆಸುತ್ತಿದ್ದ ಕ್ಯಾಮ್‌ಲಾಟ್ ಕಂಪನಿಯೇ ಹೇಳಿತ್ತು. ಇಂಥ ಗುಂಪನ್ನು ಬೇರೆ ಯಾರೂ ಆಯ್ದಿರಲಾರರು ಎಂದು ಆ ಹತ್ತು ಸಾವಿರದಲ್ಲಿ ಎಷ್ಟೋ ಜನ ನಂಬಿರಬೇಕು. ಅದು ಬಂದಿದ್ದರೆ 1 ಕೋಟಿ 63 ಲಕ್ಷ ಪೌಂಡಿನಲ್ಲಿ ಒಬ್ಬೊಬ್ಬರಿಗೂ ಸಿಗುತ್ತಿದ್ದದ್ದು 1,630 ಪೌಂಡ್.

ಎಲ್ಲಕ್ಕಿಂತ ದೊಡ್ಡ ದಂಡು ಹುಟ್ಟುಹಬ್ಬದ್ದು. ತಮ್ಮದು, ಹೆಂಡತಿಯದು, ಮಕ್ಕಳದು, ಮದುವೆಯಾದ ದಿನ. ಪ್ರೀತಿಯವರ ನೆನಪು ಅದೃಷ್ಟ ತರುತ್ತದೆ ಎಂಬ ನಂಬಿಕೆ ಸಹಜವಾದದ್ದೇ. ಆದರೆ ತಿಂಗಳಿಗೆ 31 ದಿನ, ವರ್ಷಕ್ಕೆ 12 ತಿಂಗಳು. ತಾರೀಖುಗಳನ್ನು ನೆಚ್ಚಿದವರ ಗುರುತು 31ರಿಂದ ಮೇಲೆ ಏರುವುದೇ ಇಲ್ಲ. 12ರೊಳಗಿನ ಅಂಕಿಗಳಿಗೆ ತಾರೀಖೆಂದೂ ತಿಂಗಳೆಂದೂ ಎರಡು ಕಡೆಯಿಂದ ಜನ ಬಂದು ಸೇರುತ್ತಾರೆ. 31ರೊಳಗಿನ ಅಂಕಿಗಳಿಂದಲೇ ಮಾಡಬಹುದಾದ ಗುಂಪುಗಳು 7,36,281. ಒಟ್ಟು ಗುಂಪುಗಳಲ್ಲಿ ಇದು ಹತ್ತೊಂಬತ್ತರಲ್ಲಿ ಒಂದು ಭಾಗ. ಆ ಸಣ್ಣ ಓಣಿಯೊಳಗೆ ಊರಿನ ದೊಡ್ಡ ಭಾಗವೇ ನುಗ್ಗಿದರೆ ಏನಾದೀತು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು.

ಆ ಜನವರಿಯ ವಾರ ಮಾರಾಟವಾದ ಟಿಕೆಟ್‌ಗಳು ಸುಮಾರು 7 ಕೋಟಿ. ಗುಂಪುಗಳು ಸುಮಾರು 1 ಕೋಟಿ 40 ಲಕ್ಷ. ಎಲ್ಲ ಗುಂಪುಗಳಿಗೂ ಜನ ಸಮವಾಗಿ ಹರಡಿಕೊಂಡಿದ್ದರೆ ಒಂದೊಂದಕ್ಕೆ ಸರಾಸರಿ 5 ಟಿಕೆಟ್ ಬೀಳುತ್ತಿತ್ತು. ನಿಮ್ಮ ಗುಂಪು ಬಂತೆನ್ನಿ. ಜೊತೆಗೆ ಇನ್ನೂ ಐದು ಜನ, ಕೆಲವೊಮ್ಮೆ ಮೂರು, ಕೆಲವೊಮ್ಮೆ ಏಳು ಜನ ಇರುತ್ತಿದ್ದರು. ಈ ಏರಿಳಿತವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ನಿಮಗೆ ಸರಾಸರಿ ದಕ್ಕುವುದು ಗಂಟಿನ ಐದನೇ ಒಂದು ಭಾಗ, ಅಂದರೆ ಸುಮಾರು 32 ಲಕ್ಷ ಪೌಂಡ್. ಈಗ ಐದರಲ್ಲಿ ಒಬ್ಬರು ಬರೀ ಹುಟ್ಟುಹಬ್ಬಗಳಿಂದಲೇ ಆಯ್ಕೆ ಮಾಡುತ್ತಾರೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 1 ಕೋಟಿ 40 ಲಕ್ಷ ಟಿಕೆಟ್ 7,36,281 ಗುಂಪುಗಳೊಳಗೆ ಇರುಕಿಕೊಂಡಂತಾಯಿತು. ಒಂದೊಂದಕ್ಕೆ 19 ಟಿಕೆಟ್. ಉಳಿದವರಲ್ಲಿ ಅಲ್ಲಿಗೆ ಬಂದು ಬೀಳುವವರೂ ಸೇರಿದರೆ ಇಪ್ಪತ್ತರ ಮೇಲೆ. ನಿಮ್ಮ ಪಾಲು 8 ಲಕ್ಷ ಪೌಂಡಿಗಿಂತ ಕೆಳಗಿಳಿಯಿತು. ಅದೇ, ಸರಾಸರಿ ಇಬ್ಬರಷ್ಟೇ ಹಿಡಿಯುವ ಗುಂಪೊಂದು ನಿಮ್ಮ ಕೈಯಲ್ಲಿದ್ದಿದ್ದರೆ ಸರಾಸರಿ ಪಾಲು ಸುಮಾರು 70 ಲಕ್ಷ. ಎರಡೂ ಟಿಕೆಟಿನ ಬೆಲೆ ಒಂದೇ ಪೌಂಡ್, ಎರಡೂ ಗೆಲ್ಲುವ ಸಾಧ್ಯತೆ ಒಂದೇ.

'ಹುಟ್ಟುಹಬ್ಬ ಬಿಡಿ, 31ರ ಮೇಲಿನ ಅಂಕಿ ಹಿಡಿಯಿರಿ' ಎಂಬ ಸಲಹೆ ಹುಟ್ಟಿದ್ದು ಇಲ್ಲಿಂದ. ಡಿಸೆಂಬರಿನ ಆ ಒಂಟಿ ಗೆಲುವನ್ನು ನೋಡಿದರೆ ಸಲಹೆ ಸರಿಯೆನಿಸುತ್ತದೆ. ಆ ಆರರಲ್ಲಿ ಐದು ಅಂಕಿಗಳು 31ರ ಮೇಲಿನವು. ಮೊಟ್ಟಮೊದಲ ಡ್ರಾದಲ್ಲಿ, 1994ರ ನವೆಂಬರ್ 19ರಂದು, ಬಂದದ್ದು 3, 5, 14, 22, 30, 44. ಐದು ಅಂಕಿಗಳು ತಾರೀಖಿನೊಳಗಿನವು. ಮಾರಾಟವಾದ ಟಿಕೆಟ್‌ಗಳ ಲೆಕ್ಕದಲ್ಲಿ ಮೂರು-ನಾಲ್ಕು ಜನ ಗೆಲ್ಲಬೇಕಿತ್ತು, ಗೆದ್ದವರು ಏಳು.

ಜನವರಿಯ ನಂಬರುಗಳ ಮುಂದೆ ಬಂದಾಗ ಈ ಸಲಹೆ ಕೈಕೊಡುತ್ತದೆ. 7, 17, 23, 32, 38, 42. ಇದರಲ್ಲಿ ಮೂರು ಅಂಕಿಗಳು 31ರ ಮೇಲಿವೆ. ಹುಟ್ಟುಹಬ್ಬವನ್ನೇ ನಂಬಿ ಕೂತವರಲ್ಲಿ ಒಬ್ಬರೂ ಈ ಗುಂಪನ್ನು ಆರಿಸಿರಲು ಸಾಧ್ಯವಿಲ್ಲ. ಹಾಗಿದ್ದೂ 133 ಜನ ಬಂದದ್ದು ಎಲ್ಲಿಂದ?

ಉತ್ತರ ಸಿಗಬೇಕಾದರೆ ಒಂದು ಕಾಗದ ತೆಗೆದುಕೊಂಡು ಆಗಿನ ಸ್ಲಿಪ್ಪನ್ನು ಬರೆದು ನೋಡಬೇಕು. ಸಾಲಿಗೆ ಐದು ಅಂಕಿ. ಮೊದಲ ಸಾಲಿನಲ್ಲಿ 1ರಿಂದ 5, ಎರಡನೆಯದರಲ್ಲಿ 6ರಿಂದ 10, ಹೀಗೆ ಕೆಳಗಿಳಿಯುತ್ತ ಹತ್ತನೇ ಸಾಲಿನಲ್ಲಿ 46ರಿಂದ 49. ಈಗ ಆ ಆರಕ್ಕೆ ಗುರುತು ಹಾಕಿ. 7, 17, 32, 42 ನಾಲ್ಕೂ ಎರಡನೇ ಕಂಬಸಾಲಿನಲ್ಲಿ ಒಂದರ ಕೆಳಗೊಂದು ಬರುತ್ತವೆ. 23 ಮತ್ತು 38 ಅದರ ಪಕ್ಕದ ಮೂರನೇ ಕಂಬಸಾಲಿನಲ್ಲಿ. ಅಂಚಿನಲ್ಲಿ ಒಂದೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ, ಒಂದಕ್ಕೊಂದು ತಾಗದಂತೆ, ಸ್ಲಿಪ್ಪಿನ ನಡುಭಾಗದಲ್ಲಿ ಚೆನ್ನಾಗಿ ಹರಡಿಕೊಂಡಿವೆ. ಯಾವ ನೆನಪನ್ನೂ ನೆಚ್ಚದೆ 'ಸುಮ್ಮನೆ ಮನಸ್ಸಿಗೆ ಬಂದ ಹಾಗೆ' ಪೆನ್ನು ಆಡಿಸುವವರ ಕೈ ಹೋಗುವುದು ಇಲ್ಲಿಗೇ. ರಂಗೋಲಿಗೆ ಚುಕ್ಕಿ ಇಡುವವರ ಕೈ ಅಂಗಳದ ಮೂಲೆಯನ್ನು ಬಿಟ್ಟು ನಡುವಿಗೆ ಬರುವ ಹಾಗೆ ಪೆನ್ನೂ ನಡುವಿಗೆ ಬರುತ್ತದೆ, ಒಂದು ಗುರುತಿನ ಪಕ್ಕದಲ್ಲೇ ಇನ್ನೊಂದು ಹಾಕಲು ಹಿಂಜರಿಯುತ್ತದೆ.

ಆ ಹಿಂಜರಿಕೆ ತುಂಬ ದುಬಾರಿ. ಪಕ್ಕಪಕ್ಕದ ಅಂಕಿಗಳು, ಉದಾಹರಣೆಗೆ 14 ಮತ್ತು 15, ಒಟ್ಟಿಗೆ ಬರುವುದು ಅಪರೂಪ ಎಂದು ನಮ್ಮ ಮನಸ್ಸು ಹೇಳುತ್ತದೆ. ಲೆಕ್ಕ ಬೇರೆ ಹೇಳುತ್ತದೆ. 49ರಲ್ಲಿ ಆರು ಎತ್ತುವ ಡ್ರಾಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ, ಕರಾರುವಾಕ್ಕಾಗಿ ಹೇಳಬೇಕೆಂದರೆ ನೂರಕ್ಕೆ 49.5ರಲ್ಲಿ, ಪಕ್ಕಪಕ್ಕದ ಒಂದು ಜೋಡಿಯಾದರೂ ಇರುತ್ತದೆ. ಆದರೆ ಸ್ಲಿಪ್ಪು ತುಂಬುವವರು ಇದನ್ನು 'ಸಹಜವಾಗಿಲ್ಲ' ಎಂದು ಬಿಡುತ್ತಾರೆ. ಹಾಗಾಗಿ ಅರ್ಧದಷ್ಟು ಗುಂಪುಗಳಲ್ಲಿ ಜನ ವಿರಳ, ಇನ್ನರ್ಧದಲ್ಲಿ ನೂಕುನುಗ್ಗಲು. ನನ್ನ ಮಟ್ಟಿಗೆ ಹುಟ್ಟುಹಬ್ಬಕ್ಕಿಂತ ಇದೇ ದೊಡ್ಡ ಪಾಠ. ಹುಟ್ಟುಹಬ್ಬ ಹಿಡಿದವರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ. 'ಮನಸ್ಸಿಗೆ ಬಂದ' ನಂಬರು ಹಾಕಿದವರಿಗೆ ತಮ್ಮ ಮನಸ್ಸು ಇನ್ನೂ 132 ಜನರ ಮನಸ್ಸಿನಂತೆಯೇ ನಡೆದಿದೆ ಎಂಬ ಸುಳಿವೇ ಇರುವುದಿಲ್ಲ.

ಅಂದವಾದ ಸಾಲುಗಳದ್ದು ಇನ್ನೊಂದು ಕತೆ. 2022ರ ಅಕ್ಟೋಬರ್ 1ರಂದು ಫಿಲಿಪೀನ್ಸ್‌ನ ಗ್ರ್ಯಾಂಡ್ ಲೋಟೊದಲ್ಲಿ 9, 18, 27, 36, 45, 54 ಬಂತು. ಒಂಬತ್ತರ ಮಗ್ಗಿ. 55ರಲ್ಲಿ ಆರು ಆರಿಸುವ ಆ ಆಟದಲ್ಲಿ 433 ಜನ ಗೆದ್ದರು. 23 ಕೋಟಿ 60 ಲಕ್ಷ ಪೆಸೊ ಹಂಚಿಹೋಗಿ ತಲೆಗೆ 5 ಲಕ್ಷ 45 ಸಾವಿರ ಪೆಸೊ ಆಯಿತು. ಇಷ್ಟು ಜನ ಒಟ್ಟಿಗೆ ಗೆಲ್ಲುವುದು ಹೇಗೆಂದು ಅಲ್ಲಿ ಭಾರಿ ಅನುಮಾನವೆದ್ದಿತು. ಮಗ್ಗಿ ಬಾಯಿಪಾಠ ಮಾಡಿ ಬೆಳೆದ ನಮಗೆ ಇದರಲ್ಲಿ ಅಂಥ ಒಗಟೇನೂ ಕಾಣಬಾರದು. 55ರೊಳಗೆ ಆರೇ ಆರು ಸಂಖ್ಯೆ ಸಿಗುವ ಮಗ್ಗಿಗಳು ಎಂಟರದ್ದು, ಒಂಬತ್ತರದ್ದು ಎರಡೇ. ಎಂಟರ ಮಗ್ಗಿಗೆ ಹೋದರೆ 48ಕ್ಕೆ ಆರು ಮುಗಿದು, ಮೇಲೆ ಜಾಗ ಉಳಿಯುತ್ತದೆ ಅಷ್ಟೇ. ಮಗ್ಗಿ ಬರುವ ಸಾಧ್ಯತೆಯೂ ಉಳಿದ ಗುಂಪುಗಳಷ್ಟೇ. ಅದು ಬಂದಾಗ ನೂರಾರು ಜನ ಗೆಲ್ಲುವುದು ಮೊದಲೇ ಬರೆದಿಟ್ಟ ಹಾಗೆ.

ಹಿಂದೆ ಬಂದ ನಂಬರನ್ನೇ ಮತ್ತೆ ಹಾಕುವವರೂ ಇದ್ದಾರೆ. 2009ರ ಸೆಪ್ಟೆಂಬರ್ 6ರಂದು ಬಲ್ಗೇರಿಯಾದಲ್ಲಿ 4, 15, 23, 24, 35, 42 ಬಂದಾಗ ಆರೂ ಹೊಂದಿದವರು ಯಾರೂ ಇರಲಿಲ್ಲ. ನಾಲ್ಕು ದಿನ ಬಿಟ್ಟು ಅದೇ ಆರು ಮತ್ತೆ ಬಂತು. ಸರ್ಕಾರ ತನಿಖೆ ಮಾಡಿಸಿತು, ಮೋಸ ಕಾಣಲಿಲ್ಲ. ಎರಡನೇ ಸಲ ಗೆದ್ದವರು 18 ಜನ. ಮೊದಲ ಸಲ ಯಾರಿಗೂ ಬೇಡವಾಗಿದ್ದ ಗುಂಪು ಒಮ್ಮೆ ಪತ್ರಿಕೆಯಲ್ಲಿ ಅಚ್ಚಾದದ್ದಕ್ಕೇ ನಾಲ್ಕೇ ದಿನದಲ್ಲಿ ಜನಪ್ರಿಯವಾಗಿತ್ತು.

ಯಾರು ಯಾವ ನಂಬರು ಹಾಕಿದರು ಎಂಬ ಪಟ್ಟಿಯನ್ನು ಲಾಟರಿ ಕಂಪನಿಗಳು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಹಾಗಿದ್ದರೆ ಜನ ಯಾವುದನ್ನು ಬಿಟ್ಟಿದ್ದಾರೆ ಎಂದು ತಿಳಿಯುವುದು ಹೇಗೆ? ಸಂಖ್ಯಾಶಾಸ್ತ್ರಜ್ಞರು ಹಿಡಿದ ದಾರಿ ಜಾಣತನದ್ದು. ಜಾಕ್‌ಪಾಟ್ ಗೆದ್ದವರನ್ನು ಬಿಟ್ಟು ಅವರು ನೋಡಿದ್ದು ಬರೀ ಮೂರು ನಂಬರು ಹೊಂದಿ 10 ಪೌಂಡ್ ಪಡೆದವರನ್ನು. ಮೂರು ಹೊಂದುವ ಸಾಧ್ಯತೆ 57ರಲ್ಲಿ ಒಂದು. 7 ಕೋಟಿ ಟಿಕೆಟ್ ಮಾರಾಟವಾದ ವಾರ ಅಂಥವರು ಸುಮಾರು 12 ಲಕ್ಷದ 35 ಸಾವಿರ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಆ ವಾರ ಬಂದದ್ದು ಜನಪ್ರಿಯ ಅಂಕಿಗಳು, ಕಡಿಮೆಯಿದ್ದರೆ ಜನ ಬಿಟ್ಟ ಅಂಕಿಗಳು. ಒಂದು ವಾರದಿಂದ ಏನೂ ತಿಳಿಯದು. ನೂರಾರು ವಾರಗಳ ಲೆಕ್ಕ ಒಟ್ಟುಮಾಡಿದರೆ ಒಂದೊಂದು ಅಂಕಿಯ ಹಿಂದೆ ಎಷ್ಟು ಜನ ಎಂಬ ಚಿತ್ರ ಮೂಡುತ್ತದೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಲೇಖನ ಈ ಬಗೆಯ ಕೆಲಸ. ಜನಪ್ರಿಯತೆ ಕಡಿಮೆಯಿರುವ ಗುಂಪುಗಳನ್ನು ಆರಿಸಿದರೆ ಸರಾಸರಿ ಗೆಲುವನ್ನು ದುಪ್ಪಟ್ಟು ಮಾಡಬಹುದು ಎಂದು ಅವರು ತೋರಿಸಿದರು.

ಜನ ಅಂಕಿಗಳನ್ನು ಆರಿಸುವುದು ಸಮವಾಗಿಲ್ಲ ಎಂಬುದಕ್ಕೆ ಇನ್ನೊಂದು ಗುರುತು ಯಾರ ಕಣ್ಣಿಗೂ ಬೀಳುವಂಥದ್ದು. ಗುಂಪಿಗೆ ಸರಾಸರಿ ಐದು ಟಿಕೆಟ್ ಬೀಳುವ ಆಟದಲ್ಲಿ, ಜನ ಸಮವಾಗಿ ಹರಡಿಕೊಂಡಿದ್ದರೆ, ಯಾರೂ ಗೆಲ್ಲದೆ ಜಾಕ್‌ಪಾಟ್ ಮುಂದಿನ ವಾರಕ್ಕೆ ಹೋಗುವುದು 150 ವಾರಕ್ಕೊಮ್ಮೆ ಮಾತ್ರ ಆಗಬೇಕು. ಬ್ರಿಟನ್ನಿನಲ್ಲಿ ಮೊದಲ ತಿಂಗಳೊಳಗೇ ಹಾಗಾಯಿತು. ಡಿಸೆಂಬರಿನ ಆ ದೊಡ್ಡ ಗಂಟಿನಲ್ಲಿ ಹಿಂದಿನ ವಾರ ಯಾರೂ ಗೆಲ್ಲದೆ ಉಳಿದ ಹಣವೂ ಸೇರಿತ್ತು. ಕೆಲವು ಗುಂಪುಗಳ ಮೇಲೆ ಸಾವಿರಗಟ್ಟಲೆ ಜನ ಬಿದ್ದಾಗ ಉಳಿದ ಬಹುಪಾಲು ಗುಂಪುಗಳಿಗೆ ಸರಾಸರಿಗಿಂತ ಕಡಿಮೆ ಜನ ಸಿಗುತ್ತಾರೆ, ಎಷ್ಟೋ ಗುಂಪುಗಳು ಖಾಲಿಯೇ ಉಳಿಯುತ್ತವೆ.

ಈ ಮಾತು ತಿಳಿದ ಮೇಲೆ ಆಯ್ಕೆಯ ದಾರಿ ಸುಲಭವಾಗುತ್ತದೆ. ಬಹುಪಾಲು ಗುಂಪುಗಳು ವಿರಳವಾಗಿರುವಾಗ ಕಣ್ಣು ಮುಚ್ಚಿ ಎತ್ತಿದರೂ ವಿರಳವಾದದ್ದೇ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಮೊದಲ ಹೆಜ್ಜೆ ನಮ್ಮ ಮನಸ್ಸನ್ನು ಆಯ್ಕೆಯಿಂದ ದೂರ ಇಡುವುದು. 49 ಚೀಟಿ ಬರೆದು, ಮಡಿಸಿ, ಡಬ್ಬಿಗೆ ಹಾಕಿ ಕುಲುಕಿ ಆರು ಎತ್ತಬೇಕು. ಎರಡನೇ ಹೆಜ್ಜೆ ಬಂದದ್ದನ್ನು ಪರೀಕ್ಷಿಸುವುದು. ಮೊದಲ ಸಲ 5, 12, 19, 22, 27, 30 ಬಂತೆನ್ನಿ. ಎಲ್ಲವೂ ತಾರೀಖಿನೊಳಗೆ. ಚೀಟಿಗಳನ್ನು ಡಬ್ಬಿಗೆ ವಾಪಸು ಹಾಕಬೇಕು. ಎರಡನೇ ಸಲ 11, 14, 15, 34, 40, 48. ಮೂರು ಅಂಕಿಗಳು 31ರ ಮೇಲಿವೆ. 14, 15 ಪಕ್ಕಪಕ್ಕದಲ್ಲಿವೆ, ಇದು ಜನ ಬಿಡುವಂಥ ಜೋಡಿ. ಮಗ್ಗಿಯಲ್ಲ. ಸ್ಲಿಪ್ಪಿನ ಮೇಲೆ ಗುರುತು ಹಾಕಿ ನೋಡಿದರೆ 15, 40 ಬಲ ಅಂಚಿನಲ್ಲಿ, 11 ಎಡ ಅಂಚಿನಲ್ಲಿ, ನೇರ ಗೆರೆಯಾಗಲಿ ಓರೆ ಗೆರೆಯಾಗಲಿ ಕಾಣುವುದಿಲ್ಲ. ಕಳೆದ ಕೆಲವು ಡ್ರಾಗಳಲ್ಲಿ ಈ ಗುಂಪು ಬಂದಿಲ್ಲದಿದ್ದರೆ ಇದನ್ನು ಇಟ್ಟುಕೊಳ್ಳಬಹುದು. ಆರೂ ಅಂಕಿಗಳನ್ನು ಕೂಡಿ ನೋಡುವ ಒಂದು ಪರೀಕ್ಷೆಯೂ ಇದೆ. ಈ ಆಟದಲ್ಲಿ ಮೊತ್ತದ ಸರಾಸರಿ 150. ಹುಟ್ಟುಹಬ್ಬದವರದ್ದು ಅದಕ್ಕಿಂತ ಬಹಳ ಕೆಳಗಿರುತ್ತದೆ. ಮೇಲಿನ ಗುಂಪಿನದ್ದು 162, ಡಿಸೆಂಬರಿನ ಒಂಟಿ ಗೆಲುವಿನದ್ದು 238.

ಹೀಗೆ ಬೇಡವೆಂದು ವಾಪಸು ಹಾಕುವುದರಿಂದ ಗೆಲ್ಲುವ ಸಾಧ್ಯತೆ ಕುಗ್ಗೀತೇ ಎಂಬ ಸಂದೇಹ ಬರಬಹುದು. ಕುಗ್ಗುವುದಿಲ್ಲ, ಹಿಗ್ಗುವುದೂ ಇಲ್ಲ. ಇಟ್ಟುಕೊಂಡ ಗುಂಪು, ಬಿಟ್ಟ ಗುಂಪು ಎರಡಕ್ಕೂ 1,39,83,816ರಲ್ಲಿ ಒಂದೇ ಸಾಧ್ಯತೆ.

ಇಲ್ಲಿ ಅನೇಕರು ಎಡವುವ ಒಂದು ಹೊಂಡವಿದೆ. 31ರ ಮೇಲಿನ ಅಂಕಿ ಒಳ್ಳೆಯದೆಂದರೆ ಆರನ್ನೂ ಅಲ್ಲಿಂದಲೇ ಯಾಕೆ ಎತ್ತಬಾರದು? 32ರಿಂದ 49ರವರೆಗೆ ಇರುವುದು ಹದಿನೆಂಟೇ ಅಂಕಿ. ಅವುಗಳಿಂದ ಆಗುವ ಗುಂಪುಗಳು ಬರೀ 18,564. ಈ ಸಲಹೆಯನ್ನು ಓದಿ ನೂರರಲ್ಲಿ ಒಬ್ಬರು ಹಾಗೆ ಮಾಡಿದರೂ 7 ಕೋಟಿ ಟಿಕೆಟ್‌ಗಳಲ್ಲಿ 7 ಲಕ್ಷ ಅಲ್ಲಿಗೆ ಬಂದು ಬೀಳುತ್ತವೆ. ಒಂದೊಂದು ಗುಂಪಿಗೆ 37ರಿಂದ 38 ಟಿಕೆಟ್. ಆಗಲೇ ಲೆಕ್ಕ ಹಾಕಿದ ಹುಟ್ಟುಹಬ್ಬದ ಓಣಿಯಲ್ಲಿ ಇದ್ದದ್ದು ಇಪ್ಪತ್ತರ ಆಸುಪಾಸು. ಜನಜಂಗುಳಿಯಿಂದ ತಪ್ಪಿಸಿಕೊಳ್ಳಲು ಹೊರಟವರು ಅದಕ್ಕಿಂತ ಕಿರಿದಾದ ಸಂದಿಯಲ್ಲಿ ಸಿಕ್ಕಿಕೊಂಡಂತಾಯಿತು. ಆದ್ದರಿಂದ 'ಹುಟ್ಟುಹಬ್ಬ ಬಿಡಿ' ಎಂಬ ಮಾತನ್ನು 'ಬರೀ ಹುಟ್ಟುಹಬ್ಬದಿಂದಲೇ ಆರನ್ನೂ ತುಂಬಬೇಡಿ' ಎಂದು ಓದಿಕೊಳ್ಳಬೇಕು. ಚಿಕ್ಕ ಅಂಕಿಗಳೂ ಒಂದೆರಡು ಇರಲಿ. ನೀವು ಕೇಳಿದ ಯಾವುದೇ ಜಾಣ ಸೂತ್ರವನ್ನು ಬೇರೆಯವರೂ ಕೇಳಿರುತ್ತಾರೆ. ಚೀಟಿಯನ್ನು ಮಾತ್ರ ಒಬ್ಬರಿಂದೊಬ್ಬರು ಕಲಿತು ಎತ್ತಲಾಗುವುದಿಲ್ಲ.

ಅಂಗಡಿಯ ಯಂತ್ರವೇ ಅಂಕಿ ಆರಿಸಿಕೊಡುವ 'ಲಕ್ಕಿ ಡಿಪ್' ಬ್ರಿಟನ್ನಿಗೆ 1996ರಲ್ಲಿ ಬಂತು. ಅದು ಮೊದಲ ಹೆಜ್ಜೆಯನ್ನು ಮಾಡಿಕೊಡುತ್ತದೆ, ಎರಡನೆಯದನ್ನಲ್ಲ. ಆ 49ರ ಆಟದಲ್ಲಿ ಹತ್ತೊಂಬತ್ತರಲ್ಲಿ ಒಂದು ಸಲ ಅದೂ ಬರೀ ತಾರೀಖುಗಳ ಗುಂಪನ್ನೇ ಕೊಡುತ್ತಿತ್ತು. ಆದರೂ ಪೆನ್ನು ಹಿಡಿದು ಮನಸ್ಸಿಗೆ ಬಂದಂತೆ ಹಾಕುವುದಕ್ಕಿಂತ ಅದು ಮೇಲು. ಯಂತ್ರದಿಂದ ಆರಿಸುವವರು ಹೆಚ್ಚಿದಷ್ಟೂ ಜನ ಸಮವಾಗಿ ಹರಡಿಕೊಳ್ಳುತ್ತಾರೆ, ಈ ಯುಕ್ತಿಯಿಂದ ಸಿಗುವ ಲಾಭವೂ ಅಷ್ಟು ತಗ್ಗುತ್ತದೆ.

ಯುಕ್ತಿ ಎಲ್ಲ ಕಡೆಯೂ ನಡೆಯುವುದಿಲ್ಲ. ದುಬೈ, ಅಬುಧಾಬಿಗಳಲ್ಲಿರುವ ನಮ್ಮವರಿಗೆ ಪರಿಚಿತವಾದ ಯುಎಇ ಲಾಟರಿಯ 'ಲಕ್ಕಿ ಡೇ' 2024ರ ಕೊನೆಯಲ್ಲಿ ಶುರುವಾದಾಗ ಅದನ್ನು ಕಟ್ಟಿದ್ದೇ ತಾರೀಖಿನ ಮೇಲೆ. 'ದಿನಗಳು' ಎಂಬ 1ರಿಂದ 31ರಲ್ಲಿ ಆರು, 'ತಿಂಗಳುಗಳು' ಎಂಬ 1ರಿಂದ 12ರಲ್ಲಿ ಒಂದು ಆರಿಸಬೇಕಿತ್ತು. 31ರ ಮೇಲೆ ಅಲ್ಲಿ ಅಂಕಿಯೇ ಇರಲಿಲ್ಲ. 88,35,372 ಗುಂಪುಗಳೂ ತಾರೀಖಿನವೇ. ಅಲ್ಲಿ ಉಳಿಯುತ್ತಿದ್ದದ್ದು ಪಕ್ಕಪಕ್ಕದ ಜೋಡಿ, ಅಂಚಿನ ಅಂಕಿ, ಚೀಟಿ ಎತ್ತುವುದು ಇಷ್ಟೇ. ಟಿಕೆಟ್‌ಗಳು ಕಡಿಮೆ ಮಾರಾಟವಾಗುವ ಆಟದಲ್ಲೂ ಇದರಿಂದ ಹೆಚ್ಚೇನೂ ಸಿಗದು. ಹತ್ತು ಗುಂಪಿಗೆ ಒಂದು ಟಿಕೆಟ್ ಬೀಳುವ ಕಡೆ, ಇತರರಿಗಿಂತ ಎರಡು ಪಟ್ಟು ಜನಪ್ರಿಯವಾದ ಗುಂಪು ಹಿಡಿದವರೂ ಸರಾಸರಿ ಗಂಟಿನ ನೂರಕ್ಕೆ 90 ಭಾಗ ಪಡೆಯುತ್ತಾರೆ. ಬೇರೆಯವರಿಗೆ 95. ಅಲ್ಲಿ ಪ್ರೀತಿಯವರ ಹುಟ್ಟುಹಬ್ಬ ಹಾಕಿದರೆ ನಷ್ಟ ಸ್ವಲ್ಪವೇ. ಜಾಕ್‌ಪಾಟ್ ಬೆಳೆದು ಟಿಕೆಟ್‌ಗೆ ಜನ ಮುಗಿಬಿದ್ದ ವಾರ ಮಾತ್ರ ಪಾಲುದಾರರ ಪ್ರಶ್ನೆ ನಿಜವಾಗಿ ಏಳುತ್ತದೆ.

ಇದರಿಂದ ಲಾಟರಿ ಲಾಭದ ವ್ಯವಹಾರವಾಗುತ್ತದೆಯೇ? ಜನವರಿಯ ಅದೇ ವಾರವನ್ನು ತೆಗೆದುಕೊಳ್ಳಿ. ಸರಾಸರಿ ಐದು ಜನರಿರುವ ಗುಂಪು ಹಿಡಿದರೆ ಒಂದು ಪೌಂಡಿನ, ಅಂದರೆ 100 ಪೆನ್ಸ್‌ನ ಟಿಕೆಟಿನಲ್ಲಿ ಜಾಕ್‌ಪಾಟಿನ ಲೆಕ್ಕಕ್ಕೆ ಸರಾಸರಿ ಹಿಂತಿರುಗುವುದು 23 ಪೆನ್ಸ್. ಇಪ್ಪತ್ತು ಜನರಿರುವ ಹುಟ್ಟುಹಬ್ಬದ ಗುಂಪಿಗೆ ಸುಮಾರು 6. ಇಬ್ಬರಷ್ಟೇ ಇರುವ ಗುಂಪಿಗೆ 50. ಮೂರು ಅಂಕಿ ಹೊಂದಿದರೆ ಸಿಗುವ 10 ಪೌಂಡಿನ ಲೆಕ್ಕ ಎಲ್ಲರಿಗೂ ಒಂದೇ, 18 ಪೆನ್ಸ್‌ಗಿಂತ ಸ್ವಲ್ಪ ಕಡಿಮೆ. ನಾಲ್ಕು, ಐದು ಹೊಂದಿದರೆ ಬರುವುದನ್ನು ಸೇರಿಸಿದರೂ ಇಬ್ಬರ ಗುಂಪು 100 ಪೆನ್ಸ್ ಮುಟ್ಟುವುದಿಲ್ಲ. ನಷ್ಟ ಕಡಿಮೆಯಾಯಿತು, ಅಷ್ಟೇ. ಈ 'ಸರಾಸರಿ' ಎನ್ನುವುದು ಕೈಗೆ ಬರುವ ಹಣವೂ ಅಲ್ಲ. ವಾರಕ್ಕೆ ಎರಡು ಟಿಕೆಟಿನಂತೆ ವರ್ಷಕ್ಕೆ 104 ಕೊಳ್ಳುವವರು ಆ 49ರ ಆಟದಲ್ಲಿ ಆರೂ ಹೊಂದುವುದು ಸರಾಸರಿ 1,34,460 ವರ್ಷಕ್ಕೊಮ್ಮೆ. ಪಾಲು ದೊಡ್ಡದಾಗುವುದು ಆ ಒಂದು ದಿನದ ಮಟ್ಟಿಗೆ. ಉಳಿದ ಅಷ್ಟೂ ಶನಿವಾರಗಳಲ್ಲಿ ಚೀಟಿ ಎತ್ತಿದವರಿಗೂ ಹುಟ್ಟುಹಬ್ಬ ಹಾಕಿದವರಿಗೂ ಅನುಭವ ಒಂದೇ.

2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಆಟದಲ್ಲಿ ಅಂಕಿಗಳು 49ರಿಂದ 59ಕ್ಕೆ ಏರಿದವು. ಗುಂಪುಗಳು 4,50,57,474 ಆದವು. ಹಿಂದೆ 19 ಡ್ರಾಗಳಿಗೊಮ್ಮೆ ಆರೂ ಅಂಕಿಗಳು 31ರೊಳಗೆ ಬರುತ್ತಿದ್ದರೆ ಈಗ ಹಾಗಾಗುವುದು 61ಕ್ಕೊಮ್ಮೆ. ಹುಟ್ಟುಹಬ್ಬದವರು ಗೆಲ್ಲುವ ದಿನ ಇನ್ನೂ ಅಪರೂಪವಾಯಿತು. ಆ ದಿನ ಬಂದಾಗ ಗಂಟಿನ ಸುತ್ತ ಸೇರುವವರು ಮಾತ್ರ ಅದೇ ಹಳೆಯ ಗುಂಪು.